ಅರಕು ಕಣಿವೆಯ ಕೂಸು ಮತ್ತು ರಕ್ತದೊಳಗಿನ ಸ್ವಿಚ್ಚು

ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ ನಮ್ಮ ಕಡೆಯವರು ಊರಿನಿಂದ ನೆಂಟರು ಬಂದರೆ ಮೊದಲು ತೋರಿಸುವುದು ಕಡಲನ್ನು. ಆಮೇಲೆ ಅರಕು. ಗಾಜಿನ ಛಾವಣಿಯ ರೈಲು ಬೋಗಿ, ಸುರಂಗಗಳು, ಬೊರ್ರಾ ಗುಹೆ, ಕಾಫಿ ತೋಟ. ಕೊಡಗು, ಚಿಕ್ಕಮಗಳೂರು ಕಂಡವರಿಗೆ ಕಾಫಿ ಹೊಸದಲ್ಲ, ಆದರೂ ಅಲ್ಲೊಂದು ಕಪ್ ಕುಡಿಯದೆ ಯಾರೂ ಇಳಿದು ಬರುವುದಿಲ್ಲ. ಆ ಕಾಫಿ ಬೆಳೆಯುವ ಬಗತ, ವಾಲ್ಮೀಕಿ, ಕೊಂಡದೊರ, ಗದಬ, ಪೋರ್ಜ ಜನರ ಹಾಡಿಗಳಲ್ಲಿ ಒಂದು ಕಾಯಿಲೆ ಬಹಳ ಹಿಂದಿನಿಂದ ಇದೆ. ಇಂಗ್ಲಿಷಿನಲ್ಲಿ ಸಿಕಲ್ ಸೆಲ್, ನಮ್ಮ ಆರೋಗ್ಯ ಇಲಾಖೆಯ ಕನ್ನಡದಲ್ಲಿ ಕುಡಗೋಲು ಕಣ ರೋಗ. ಪಾಡೇರು, ಅರಕು ಕಡೆಯಿಂದ ಇದರ ನೋವು ಉಲ್ಬಣಿಸಿದ ಮಕ್ಕಳು ವೈಜಾಗಿನ ಕಿಂಗ್ ಜಾರ್ಜ್ ಆಸ್ಪತ್ರೆಗೆ ಬರುತ್ತಾರೆ.

ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ವಿಜಯವಾಡದಲ್ಲಿ ಇಂಥ ಹಾಡಿಗಳಿಲ್ಲ. ಆದರೆ ಅಲ್ಲಿಯೂ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವ ಮಕ್ಕಳಿದ್ದಾರೆ. ಅವರದ್ದು ಬೀಟಾ ತಲಸ್ಸೀಮಿಯಾ. ಎರಡೂ ಕಾಯಿಲೆಗಳು ಹೀಮೋಗ್ಲೋಬಿನ್ನಿನವು, ಎರಡೂ ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಮಾತ್ರ ತೀವ್ರವಾಗಿ ಕಾಣಿಸಿಕೊಳ್ಳುವಂಥವು. ಇನ್ನೂ ಒಂದು ಹೋಲಿಕೆ ಇದೆ, ಈ ಲೇಖನಕ್ಕೆ ಬೇಕಾದದ್ದು ಅದೇ. ಎರಡೂ ಬಗೆಯ ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ಇರುತ್ತಾರೆ. ಮೊದಲ ಕೆಲವು ತಿಂಗಳು ಹಾಲು ಕುಡಿದು, ಕೈಕಾಲು ಬಡಿದು, ಎಲ್ಲ ಕೂಸುಗಳಂತೆ ಬೆಳೆಯುತ್ತಾರೆ. ಆರು ತಿಂಗಳ ಆಸುಪಾಸಿನಲ್ಲಿ ಬೆಟ್ಟದ ಕೂಸಿನ ಕೈಬೆರಳು, ಪಾದ ಊದಿಕೊಂಡು ಅಳು ನಿಲ್ಲದಾಗುತ್ತದೆ. ವಿಜಯವಾಡದ ಕೂಸು ಬಿಳಿಚಿಕೊಂಡು ಸೊರಗತೊಡಗುತ್ತದೆ. ದೃಷ್ಟಿ ತಾಕಿತು ಎಂದು ಅಜ್ಜಿಯರು ಹೇಳಿದರೆ ಅದರಲ್ಲಿ ಅವರ ತಪ್ಪೇನಿದೆ? ನಿನ್ನೆಯವರೆಗೆ ಚೆನ್ನಾಗಿದ್ದ ಮಗು.

ದೋಷ ಹುಟ್ಟಿನಿಂದಲೇ ಇದೆ. ಹಾಗಾದರೆ ಆರು ತಿಂಗಳು ಅದು ಎಲ್ಲಿ ಅಡಗಿತ್ತು?

1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಇದನ್ನು ಗಮನಿಸಿ ಸರಿಯಾದ ಕಾರಣವನ್ನೇ ಊಹಿಸಿದ್ದರು. ನವಜಾತ ಶಿಶುಗಳ ರಕ್ತದಲ್ಲಿ ಕುಡಗೋಲಿನಂತೆ ಬಾಗುವ ಕಣಗಳು ಬಹಳ ಕಡಿಮೆ. ಏಕೆಂದರೆ ಆ ರಕ್ತದಲ್ಲಿ ಇನ್ನೂ ಗರ್ಭದ ಹೀಮೋಗ್ಲೋಬಿನ್ನೇ ಹೆಚ್ಚು. ದೊಡ್ಡವರ ಹೀಮೋಗ್ಲೋಬಿನ್ ಎರಡು ಆಲ್ಫಾ ಎಳೆ, ಎರಡು ಬೀಟಾ ಎಳೆ ಸೇರಿ ಆದದ್ದು. ಗರ್ಭದ ಮಗುವಿನಲ್ಲಿ ಬೀಟಾದ ಜಾಗದಲ್ಲಿ ಗಾಮಾ ಎಂಬ ಇನ್ನೊಂದು ಎಳೆ ಇರುತ್ತದೆ. ಕುಡಗೋಲು ಕಣ ರೋಗದಲ್ಲಿ ಕೆಟ್ಟಿರುವುದು ಬೀಟಾದ ಒಂದೇ ಒಂದು ಅಕ್ಷರ: `GAG` ಇರಬೇಕಾದಲ್ಲಿ `GTG`. ತಲಸ್ಸೀಮಿಯಾದಲ್ಲಿ ಬೀಟಾ ಎಳೆ ತಯಾರಾಗುವುದೇ ಇಲ್ಲ, ಅಥವಾ ಸಾಲದಷ್ಟು ಕಡಿಮೆ. ಗಾಮಾ ಎಳೆ ಎರಡರಲ್ಲೂ ಸರಿಯಾಗಿಯೇ ಇದೆ. ಹುಟ್ಟಿದ ಮೇಲೆ ಗಾಮಾದ ಕೆಲಸ ನಿಂತು ಬೀಟಾದ ಕೆಲಸ ಶುರುವಾಗುತ್ತದೆ, ಅಡಗಿದ್ದ ದೋಷ ಹೊರಗೆ ಬರುತ್ತದೆ.

ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಈ ಮಕ್ಕಳಿಗೆ ಬೇಕಾದ ಔಷಧ ಅವರ ಪ್ರತಿ ಜೀವಕೋಶದೊಳಗೂ ಇದೆ. ಅದರ ಸ್ವಿಚ್ಚನ್ನು ಯಾರೋ ಆರಿಸಿದ್ದಾರೆ. ಆ ಸ್ವಿಚ್ಚು ಎಲ್ಲಿದೆ, ಅದನ್ನು ಮತ್ತೆ ಹಾಕಬಹುದೇ ಎನ್ನುವ ಹುಡುಕಾಟಕ್ಕೆ ಸುಮಾರು ನಲವತ್ತು ವರ್ಷ ಹಿಡಿಯಿತು.

ಸರಿಯಿರುವ ಜೀನ್ ಯಾಕೆ ಸುಮ್ಮನಿತ್ತು?

ಈ ಎಳೆಗಳ ಜೀನುಗಳು ನಮ್ಮ 11ನೇ ಕ್ರೋಮೋಸೋಮಿನಲ್ಲಿ ಒಂದೇ ಬೀದಿಯ ಮನೆಗಳಂತೆ ಸಾಲಾಗಿ ಕೂತಿವೆ. ಮೊದಲು ಭ್ರೂಣದ ಮೊದಲ ವಾರಗಳಲ್ಲಿ ಕೆಲಸ ಮಾಡುವ ಎಪ್ಸಿಲಾನ್, ಆಮೇಲೆ ಗಾಮಾದ ಎರಡು ಪ್ರತಿಗಳು, ಆಮೇಲೆ ಅಷ್ಟೇನೂ ಕೆಲಸವಿಲ್ಲದ ಡೆಲ್ಟಾ, ಕೊನೆಯಲ್ಲಿ ಬೀಟಾ. ಬದುಕಿನಲ್ಲಿ ಇವು ಕೆಲಸಕ್ಕೆ ಬರುವ ಕ್ರಮವೂ ಹೆಚ್ಚುಕಡಿಮೆ ಇದೇ. ಇದು ಕಾಕತಾಳೀಯವಲ್ಲ ಎಂದು ಎಲ್ಲರಿಗೂ ಅನ್ನಿಸಿತ್ತು, ಕಾರಣ ಗೊತ್ತಿರಲಿಲ್ಲ.

ಸುಳಿವು ಸಿಕ್ಕಿದ್ದು ನೆದರ್ಲೆಂಡ್ಸಿನ ಒಂದು ಕುಟುಂಬದಲ್ಲಿ. ಆ ಮನೆಯವರಿಗೆ ತಲಸ್ಸೀಮಿಯಾ ಇತ್ತು. 1983ರ ಸುಮಾರಿಗೆ ಅವರ ಡಿಎನ್‌ಎ ನೋಡಿದಾಗ ವಿಚಿತ್ರವೊಂದು ಕಂಡಿತು. ಬೀದಿಯ ಮೇಲ್ಗಡೆಯ ಸುಮಾರು ಒಂದು ಲಕ್ಷ ಅಕ್ಷರಗಳಷ್ಟು ಡಿಎನ್‌ಎ ಕಳಚಿ ಹೋಗಿತ್ತು. ಆದರೆ ಬೀಟಾ ಜೀನ್ ಅದರಲ್ಲಿ ಇರಲಿಲ್ಲ. ಬೀಟಾ ಇಡಿಯಾಗಿ, ಒಂದಕ್ಷರ ತಪ್ಪದೆ ಉಳಿದಿತ್ತು. ಅದನ್ನು ತೆಗೆದು ಬೇರೆ ಜೀವಕೋಶಕ್ಕೆ ಹಾಕಿದರೆ ಕೆಲಸ ಮಾಡುತ್ತಿತ್ತು. ತನ್ನ ಜಾಗದಲ್ಲಿ ಮಾತ್ರ ಮೌನ. ಮನೆಯಲ್ಲಿ ಬಲ್ಬು ಸರಿಯಾಗಿದೆ, ಬೀದಿಯ ತುದಿಯಲ್ಲಿದ್ದ ಟ್ರಾನ್ಸ್‌ಫಾರ್ಮರ್ ಯಾರೋ ಕಿತ್ತೊಯ್ದಿದ್ದಾರೆ ಎಂದರೆ ಹೇಗೋ ಹಾಗೆ.

ಆ ಟ್ರಾನ್ಸ್‌ಫಾರ್ಮರನ್ನು ಹುಡುಕಿ ತೋರಿಸಿದವರು ಫ್ರಾಂಕ್ ಗ್ರೋಸ್ವೆಲ್ಡ್ ಮತ್ತು ಅವರ ಜೊತೆಗಾರರು, 1987ರಲ್ಲಿ. ಎಪ್ಸಿಲಾನ್‌ಗಿಂತಲೂ ಮೇಲ್ಗಡೆ, ಯಾವ ಪ್ರೋಟೀನಿನ ವಿವರವೂ ಬರೆದಿರದ ಪ್ರದೇಶದಲ್ಲಿ ಕೆಲವು ತುಂಡುಗಳಿವೆ. ಅವನ್ನು ಬೀಟಾ ಜೀನಿನ ಜೊತೆ ಸೇರಿಸಿ ಇಲಿಗಳಿಗೆ ಕೊಟ್ಟರೆ, ಜೀನ್ ಇಲಿಯ ಯಾವ ಕ್ರೋಮೋಸೋಮಿನಲ್ಲಿ ಹೋಗಿ ಕೂತರೂ ಕೆಂಪು ರಕ್ತಕಣದ ಕೋಶಗಳಲ್ಲಿ ಭರಪೂರ ಕೆಲಸ ಮಾಡುತ್ತದೆ. ಆ ತುಂಡುಗಳಿಲ್ಲದಿದ್ದರೆ ಏನೋ ತೊಟ್ಟಿಕ್ಕಿದಂತೆ. ಇಂಥ ದೂರದ ತುಂಡುಗಳಿಗೆ ಎನ್‌ಹ್ಯಾನ್ಸರ್ ಎಂದು ಹೆಸರು. ವರ್ಧಕ ಎಂದು ಪಠ್ಯಪುಸ್ತಕದವರು ಬರೆಯುತ್ತಾರೆ, ತಪ್ಪೇನಿಲ್ಲ, ಆದರೆ ನಾನು ಎನ್‌ಹ್ಯಾನ್ಸರ್ ಎಂದೇ ಇಟ್ಟುಕೊಳ್ಳುತ್ತೇನೆ.

ಬೀಟಾಕ್ಕೂ ಈ ಎನ್‌ಹ್ಯಾನ್ಸರ್ ಗುಂಪಿಗೂ ನಡುವೆ 50 ಸಾವಿರಕ್ಕೂ ಹೆಚ್ಚು ಅಕ್ಷರಗಳ ದೂರ. ಅಷ್ಟು ದೂರದಿಂದ ಅದು ಜೀನನ್ನು ಎಬ್ಬಿಸುವುದು ಹೇಗೆ? ಇಲ್ಲಿ ಒಂದು ಕ್ಷಣ ನಿಂತು, ಜೀನ್ ಕೆಲಸಕ್ಕೆ ಬರುವುದು ಎಂದರೇನು ಎಂದು ನೋಡಬೇಕು.

ದಾರ ಬಾಗುತ್ತದೆ, ಮಧ್ಯವರ್ತಿ ಬರುತ್ತಾನೆ

ಜೀನಿನಲ್ಲಿ ಬರೆದದ್ದನ್ನು ಆರ್‌ಎನ್‌ಎ ಆಗಿ ನಕಲಿಳಿಸುವ ಯಂತ್ರದ ಹೆಸರು ಆರ್‌ಎನ್‌ಎ ಪಾಲಿಮರೇಸ್ 2. ಅದು ಜೀನಿನ ಹೊಸಿಲಲ್ಲಿ, ಅಂದರೆ ಪ್ರೊಮೋಟರ್ ಎನ್ನುವ ಜಾಗದಲ್ಲಿ, ಬಂದು ಕೂರಬೇಕು. ಬ್ಯಾಕ್ಟೀರಿಯಾದಲ್ಲಿ ಇದು ಹೆಚ್ಚುಕಡಿಮೆ ನೇರ ವ್ಯವಹಾರ. ನಮ್ಮಂಥ ಜೀವಿಗಳಲ್ಲಿ ಡಿಎನ್‌ಎ ದಾರ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡು ಮುಚ್ಚಿರುತ್ತದೆ. ಪಾಲಿಮರೇಸ್‌ಗೆ ತಾನಾಗಿ ಯಾವ ಹೊಸಿಲನ್ನು ಹತ್ತಬೇಕೆಂಬುದು ತಿಳಿಯದು. ಅದಕ್ಕೆ ದಾರಿ ತೋರುವ ಪ್ರೋಟೀನುಗಳು ಬೇಕು, ಅವೇ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು.

ಇವು ಡಿಎನ್‌ಎಯಲ್ಲಿ ಚಿಕ್ಕ ಚಿಕ್ಕ ಪದಗಳನ್ನು ಓದುತ್ತವೆ. ಕೆಂಪು ರಕ್ತಕಣ ತಯಾರಾಗುವ ಕೋಶದಲ್ಲಿ ಯಜಮಾನಿಕೆ ಗಾಟಾ-1 ಎನ್ನುವುದರದ್ದು. ಹೆಸರೇ ಅದು ಓದುವ ಪದ: `GATA`. ಅದರ ಜೊತೆಗೆ ಟಾಲ್-1, ಎಲ್‌ಡಿಬಿ-1 ಮುಂತಾದವು ಗುಂಪು ಕಟ್ಟುತ್ತವೆ. ಕೆಎಲ್ಎಫ್-1 ಎನ್ನುವ ಇನ್ನೊಂದು ಬೀಟಾದ ಹೊಸಿಲಿನಲ್ಲೇ ಇರುವ ಬೇರೆ ಪದವನ್ನು ಹಿಡಿಯುತ್ತದೆ. ನಾಲ್ಕಾರು ಅಕ್ಷರದ ಪದ ಜೀನೋಮಿನಲ್ಲಿ ಲಕ್ಷಗಟ್ಟಲೆ ಕಡೆ ಸಿಗುತ್ತದೆ, ಆದ್ದರಿಂದ ಒಂದು ಫ್ಯಾಕ್ಟರ್ ಎಲ್ಲೋ ಅಂಟಿಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ. ಹಲವು ಫ್ಯಾಕ್ಟರುಗಳು ಒತ್ತೊತ್ತಾಗಿ ಒಂದೇ ಕಡೆ ಸೇರುವ ತಾಣವೇ ಎನ್‌ಹ್ಯಾನ್ಸರ್. ಗಾಟಾ-1 ಮೆದುಳಿನ ಕೋಶದಲ್ಲಿ ಇರುವುದಿಲ್ಲ, ಆದ್ದರಿಂದ ಅಲ್ಲಿ ಇದೇ ಡಿಎನ್‌ಎ ಇದ್ದರೂ ಹೀಮೋಗ್ಲೋಬಿನ್ ತಯಾರಾಗುವುದಿಲ್ಲ. ಎನ್‌ಹ್ಯಾನ್ಸರ್ ಕೆಲಸ ಮಾಡುವುದು ಅದನ್ನು ಓದಬಲ್ಲವರು ಇರುವ ಕೋಶದಲ್ಲಿ ಮಾತ್ರ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇಡೀ ಚಿಕಿತ್ಸೆ ನಿಂತಿರುವುದು ಇದರ ಮೇಲೆ.

ದೂರದ ಪ್ರಶ್ನೆಗೆ ಉತ್ತರ ಸರಳ: ದಾರ ಬಾಗುತ್ತದೆ. ಸೀರೆಯ ಸೆರಗಿನ ತುದಿ ನೆರಿಗೆಯ ಹತ್ತಿರ ಬಂದ ಹಾಗೆ, ಮೇಲ್ಗಡೆಯ ಎನ್‌ಹ್ಯಾನ್ಸರ್ ಕುಣಿಕೆಯಾಗಿ ಬಾಗಿ ಬೀಟಾದ ಹೊಸಿಲಿಗೆ ಬಂದು ತಾಗುತ್ತದೆ. ಮಧ್ಯದ ಡಿಎನ್‌ಎ ಕುಣಿಕೆಯಲ್ಲಿ ಹೊರಗೆ ಉಳಿಯುತ್ತದೆ. 2002ರಲ್ಲಿ ಇಲಿಯ ಕೋಶಗಳಲ್ಲಿ ಇದನ್ನು ನೇರವಾಗಿ ಅಳೆದು ತೋರಿಸಿದರು. ಹತ್ತಿರ ಬಂದ ಎರಡು ಡಿಎನ್‌ಎ ತುಂಡುಗಳನ್ನು ಅಲ್ಲಿಯೇ ಅಂಟಿಸಿ, ಕತ್ತರಿಸಿ, ಯಾವುದು ಯಾವುದರ ಜೊತೆ ಅಂಟಿದೆ ಎಂದು ಎಣಿಸುವ ವಿಧಾನ ಅದು. ಹೀಮೋಗ್ಲೋಬಿನ್ ಮಾಡುವ ಕೋಶದಲ್ಲಿ ಇಬ್ಬರೂ ಜೊತೆಯಾಗಿದ್ದರು, ಮೆದುಳಿನ ಕೋಶದಲ್ಲಿ ಬೇರೆ ಬೇರೆ.

ತಾಗಿದ ಮೇಲೆ ಏನಾಗುತ್ತದೆ? ಗಾಟಾ-1ಕ್ಕೆ ಪಾಲಿಮರೇಸ್‌ನ ಕೈ ನೇರವಾಗಿ ಸಿಗುವುದಿಲ್ಲ. ನಡುವೆ ಒಂದು ದೊಡ್ಡ ಜೋಡಣೆ ಬೇಕು. ಅದರ ಹೆಸರೇ ಮೀಡಿಯೇಟರ್, ಮಧ್ಯವರ್ತಿ. ನಮ್ಮ ಕಡೆ ಮದುವೆ ಕುದುರಿಸುವವರ ಹಾಗೆ, ಎರಡೂ ಮನೆಯ ಪರಿಚಯ ಇರುವವರು. ಅಮೆರಿಕದ ರೋಜರ್ ಕಾರ್ನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ 1990ರ ಹೊತ್ತಿಗೆ ಯೀಸ್ಟ್‌ನಲ್ಲಿ ಇದು ಸಿಕ್ಕಿತು. ಪಾಲಿಮರೇಸ್, ಹೊಸಿಲಲ್ಲಿ ಬೇಕಾದ ಎಲ್ಲ ಸಾಮಾನ್ಯ ಫ್ಯಾಕ್ಟರುಗಳು, ಉತ್ತೇಜಕ ಪ್ರೋಟೀನ್ ಎಲ್ಲವನ್ನೂ ಶುದ್ಧವಾಗಿ ಸೇರಿಸಿದರೂ ಉತ್ತೇಜನಕ್ಕೆ ಪ್ರತಿಕ್ರಿಯೆ ಬರುತ್ತಿರಲಿಲ್ಲ. ಯೀಸ್ಟ್ ಕೋಶದ ಕಚ್ಚಾ ರಸದ ಒಂದು ಭಾಗ ಸೇರಿಸಿದರೆ ಬರುತ್ತಿತ್ತು. ಆ ರಸದಲ್ಲಿದ್ದದ್ದೇ ಮೀಡಿಯೇಟರ್. ಮನುಷ್ಯರಲ್ಲಿ ಅದು ಸುಮಾರು 30 ಪ್ರೋಟೀನುಗಳ ಗುಡ್ಡೆ. ತಲೆ, ನಡು, ಬಾಲ ಎಂದು ಭಾಗ ಮಾಡುತ್ತಾರೆ. ಬಾಲದ ಕಡೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರುಗಳು ಹಿಡಿದುಕೊಳ್ಳುತ್ತವೆ, ತಲೆಯ ಕಡೆ ಪಾಲಿಮರೇಸ್ ಕೂರುತ್ತದೆ. ಗಾಟಾ-1 ಹಿಡಿಯುವುದು ಮುಖ್ಯವಾಗಿ ಮೆಡ್-1 ಎನ್ನುವ ಭಾಗವನ್ನು. ಆ ಒಂದು ಭಾಗ ಇಲ್ಲದ ಇಲಿಯ ಭ್ರೂಣ ಬದುಕುವುದಿಲ್ಲ.

ಮೀಡಿಯೇಟರ್ ಬರೀ ಪರಿಚಯ ಮಾಡಿಸಿ ಸುಮ್ಮನಿರುವುದಿಲ್ಲ. ಪಾಲಿಮರೇಸ್‌ಗೆ ಒಂದು ಉದ್ದನೆಯ ಬಾಲವಿದೆ, ಏಳು ಅಮೈನೋ ಆಮ್ಲಗಳ ಒಂದೇ ಸಾಲು ಮನುಷ್ಯರಲ್ಲಿ 52 ಸಲ ಪುನರಾವರ್ತನೆಯಾದದ್ದು. ಆ ಬಾಲಕ್ಕೆ ಫಾಸ್ಫೇಟ್ ಅಂಟಿಸಿದರೆ ಪಾಲಿಮರೇಸ್ ಹೊಸಿಲು ಬಿಟ್ಟು ಜೀನಿನೊಳಗೆ ಹೊರಡುತ್ತದೆ. ಅಂಟಿಸುವ ಕೈ ಬೇರೆಯವರದ್ದು, ಆ ಕೈಗೆ ಚುರುಕು ಕೊಡುವುದು ಮೀಡಿಯೇಟರ್. ಪಾಲಿಮರೇಸ್ ಹೊರಟ ಮೇಲೆ ಮೀಡಿಯೇಟರಿನ ಹಿಡಿತ ತಪ್ಪುತ್ತದೆ, ಮುಂದಿನ ಪಾಲಿಮರೇಸ್‌ಗೆ ಜಾಗವಾಗುತ್ತದೆ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹೀಮೋಗ್ಲೋಬಿನ್ ಅಣುಗಳಿರುತ್ತವೆ. ಈ ಕುಣಿಕೆ ಮತ್ತು ಈ ಮಧ್ಯವರ್ತಿ ಪದೇಪದೇ ಕೆಲಸ ಮಾಡದಿದ್ದರೆ ಅಷ್ಟು ತಯಾರಾಗುವುದು ಸಾಧ್ಯವೇ ಇಲ್ಲ. ಡಚ್ ಕುಟುಂಬದಲ್ಲಿ ಬೀಟಾ ಸುಮ್ಮನಿದ್ದದ್ದು ಇದಕ್ಕೇ.

ಇನ್ನೊಂದು ವಿಷಯವಿದೆ. ಎನ್‌ಹ್ಯಾನ್ಸರ್ ಗುಂಪು ಒಂದೇ, ಮನೆಗಳು ಐದು. ಅದು ಗಾಮಾದ ಹೊಸಿಲಿಗೆ ಬಾಗಿದರೆ ಬೀಟಾಕ್ಕೆ ಸಿಗುವುದು ಕಡಿಮೆ. 2014ರಲ್ಲಿ ಫಿಲಡೆಲ್ಫಿಯಾದ ಗೆರ್ಡ್ ಬ್ಲೋಬೆಲ್ ಅವರ ತಂಡ ದೊಡ್ಡವರ ರಕ್ತಕೋಶಗಳಲ್ಲಿ ಆ ಕುಣಿಕೆಯನ್ನು ಬಲವಂತವಾಗಿ ಗಾಮಾದ ಕಡೆಗೆ ತಿರುಗಿಸಿತು. ಗಾಮಾ ಎದ್ದಿತು, ಬೀಟಾ ಇಳಿಯಿತು. ಹುಟ್ಟಿದ ಮೇಲೆ ಕೂಸಿನಲ್ಲಿ ನಡೆಯುವುದು ಇದರ ಉಲ್ಟಾ.

ಆರಿಸುವವನು ಯಾರು?

ಎಲ್ಲರಲ್ಲೂ ಗಾಮಾ ಪೂರ್ತಿ ಆರುವುದಿಲ್ಲ. ಹೆಚ್ಚಿನವರಲ್ಲಿ ಗರ್ಭದ ಹೀಮೋಗ್ಲೋಬಿನ್ ಶೇ. 1ರ ಆಸುಪಾಸು ಉಳಿದರೆ, ಕೆಲವರಲ್ಲಿ ಯಾವ ತೊಂದರೆಯೂ ಇಲ್ಲದೆ ಹೆಚ್ಚಾಗಿಯೇ ಇರುತ್ತದೆ. ಅಂಥವರಿಗೂ ಉಳಿದವರಿಗೂ ಡಿಎನ್‌ಎಯಲ್ಲಿ ವ್ಯತ್ಯಾಸ ಎಲ್ಲಿದೆ ಎಂದು ಜೀನೋಮ್ ಪೂರ್ತಿ ಹುಡುಕಿದ ಅಧ್ಯಯನಗಳು 2007 ಮತ್ತು 2008ರಲ್ಲಿ ಬಂದವು. (ಇದಕ್ಕೂ ಮೊದಲು ಲಂಡನ್ನಿನಲ್ಲಿ ಸ್ವೀ ಲೇ ಥೈನ್ ಎಂಬ ವೈದ್ಯೆ ಭಾರತ ಮೂಲದ ಒಂದು ದೊಡ್ಡ ಕುಟುಂಬದ ಹಿಂದೆ ವರ್ಷಗಟ್ಟಲೆ ಬಿದ್ದು 6ನೇ ಕ್ರೋಮೋಸೋಮಿನಲ್ಲಿ ಒಂದು ತಾಣ ಹಿಡಿದಿದ್ದರು; ಅದರದ್ದೇ ಒಂದು ಕಥೆ.) ಹೊಸ ಅಧ್ಯಯನಗಳು ಬೆರಳು ತೋರಿಸಿದ್ದು 2ನೇ ಕ್ರೋಮೋಸೋಮಿನ ಬಿಸಿಎಲ್11ಎ ಎನ್ನುವ ಜೀನಿನ ಕಡೆಗೆ. ರಕ್ತದ ಪುಸ್ತಕಗಳಲ್ಲಿ ಅದರ ಹೆಸರು ಬಂದರೆ ಬಿಳಿ ರಕ್ತಕಣದ ಅಧ್ಯಾಯದಲ್ಲಿ ಬರುತ್ತಿತ್ತು. ಕೆಂಪಿನಲ್ಲಿ ಅದಕ್ಕೇನು ಕೆಲಸ?

ಅದೂ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರೇ, ಆದರೆ ಎಬ್ಬಿಸುವಂಥದ್ದಲ್ಲ, ಮಲಗಿಸುವಂಥದ್ದು. ಗಾಮಾ ಜೀನು ಶುರುವಾಗುವ ಜಾಗಕ್ಕಿಂತ 115 ಅಕ್ಷರ ಹಿಂದೆ `TGACCA` ಎಂಬ ಪದ ಇದೆ. ಬಿಸಿಎಲ್11ಎ ಬಂದು ಅದನ್ನು ಹಿಡಿದುಕೊಂಡರೆ ಗಾಮಾದ ಬಾಗಿಲು ಮುಚ್ಚಿತು. 2018ರಲ್ಲಿ ಎರಡು ತಂಡಗಳು ಇದನ್ನು ಖಚಿತವಾಗಿ ತೋರಿಸಿದವು. ಹುಟ್ಟಿನಿಂದಲೇ ಆ ಪದದಲ್ಲಿ ಒಂದಕ್ಷರ ಬದಲಾಗಿರುವ ಕುಟುಂಬಗಳಿವೆ. ಅವರಲ್ಲಿ ಗಾಮಾ ಆರುವುದೇ ಇಲ್ಲ, ಅದರಿಂದ ಅವರಿಗೆ ನಷ್ಟವೂ ಇಲ್ಲ.

ಹಾಗಾದರೆ ಬಿಸಿಎಲ್11ಎಯನ್ನೇ ತೆಗೆದುಹಾಕಿದರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ಆ ಪ್ರೋಟೀನು ಮೆದುಳಿನ ಬೆಳವಣಿಗೆಗೆ ಬೇಕು, ಬಿಳಿ ರಕ್ತಕಣಗಳ ಒಂದು ಬಗೆಗೆ ಬೇಕು, ರಕ್ತದ ಕಾಂಡಕೋಶಗಳು ಚೆನ್ನಾಗಿರುವುದಕ್ಕೂ ಬೇಕು. ಹುಟ್ಟಿನಿಂದ ಅದರ ಒಂದು ಪ್ರತಿ ಕೆಟ್ಟಿರುವ ಮಕ್ಕಳಿದ್ದಾರೆ: ಅವರ ಗರ್ಭದ ಹೀಮೋಗ್ಲೋಬಿನ್ ಹೆಚ್ಚಾಗಿಯೇ ಉಳಿಯುತ್ತದೆ, ಆದರೆ ಬುದ್ಧಿಯ ಬೆಳವಣಿಗೆ, ಮಾತು ಹಿಂದುಳಿಯುತ್ತವೆ. ಕಳೆಯ ಜೊತೆ ಪೈರನ್ನೂ ಕಿತ್ತಂತೆ.

ದಾರಿ ತೋರಿಸಿದ್ದು ಆ ಅಧ್ಯಯನಗಳಲ್ಲೇ ಅಡಗಿದ್ದ ಒಂದು ವಿವರ. ಗರ್ಭದ ಹೀಮೋಗ್ಲೋಬಿನ್ ಹೆಚ್ಚಿರುವವರ ಅಕ್ಷರ ವ್ಯತ್ಯಾಸಗಳು ಬಿಸಿಎಲ್11ಎ ಪ್ರೋಟೀನಿನ ವಿವರ ಬರೆದಿರುವ ಭಾಗದಲ್ಲಿರಲಿಲ್ಲ. ಜೀನಿನ ಒಳಗೇ, ಆದರೆ ಯಾವ ಪ್ರೋಟೀನೂ ಆಗದ ಮಧ್ಯದ ಖಾಲಿ ಜಾಗದಲ್ಲಿದ್ದವು. ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್, ಡೇನಿಯಲ್ ಬೌವರ್ ಮತ್ತು ಜೊತೆಗಾರರು 2013ರಲ್ಲಿ ತೋರಿಸಿದ್ದು: ಆ ಖಾಲಿ ಜಾಗ ಬಿಸಿಎಲ್11ಎಯ ಎನ್‌ಹ್ಯಾನ್ಸರ್. ಅದೂ ಕೆಂಪು ರಕ್ತಕಣದ ಕೋಶದಲ್ಲಿ ಮಾತ್ರ ಕೆಲಸ ಮಾಡುವಂಥದ್ದು. ಇಲಿಯ ಕೋಶಗಳಲ್ಲಿ ಆ ತುಂಡನ್ನು ಕತ್ತರಿಸಿದರೆ ಕೆಂಪು ಕೋಶದಲ್ಲಿ ಬಿಸಿಎಲ್11ಎ ಹೋಯಿತು, ಬಿಳಿ ಕೋಶದಲ್ಲಿ ಇದ್ದ ಹಾಗೇ ಇತ್ತು. ಮೆದುಳು ಬೇರೆ ಎನ್‌ಹ್ಯಾನ್ಸರ್ ಬಳಸುತ್ತದೆ, ಅದಕ್ಕೆ ಇದರ ಗೊಡವೆಯಿಲ್ಲ. ಒಂದೇ ಜೀನಿಗೆ ಕೋಣೆಕೋಣೆಗೆ ಬೇರೆ ಬೇರೆ ಸ್ವಿಚ್ಚು ಇರುವುದರ ಲಾಭ ಇದು.

ಮೂರು ಅಕ್ಷರದ ಮುಂದೆ ಒಂದು ಕತ್ತರಿ

ಆ ಎನ್‌ಹ್ಯಾನ್ಸರಿನಲ್ಲಿ ಮೂರು ತುಂಡುಗಳಿವೆ, ಜೀನ್ ಶುರುವಾಗುವಲ್ಲಿಂದ 55, 58 ಮತ್ತು 62 ಸಾವಿರ ಅಕ್ಷರಗಳ ದೂರದಲ್ಲಿ. ಯಾವುದರ ಯಾವ ಅಕ್ಷರ ಮುಖ್ಯ? ಅದೇ ಬಾಸ್ಟನ್ ತಂಡ ಕ್ರಿಸ್ಪರ್ ಕತ್ತರಿಯಿಂದ ಸಾಧ್ಯವಿರುವ ಕಡೆಯೆಲ್ಲ ಕತ್ತರಿಸಿ ನೋಡಿತು, ಸಾವಿರಾರು ಕೋಶಗಳಲ್ಲಿ ಒಂದೊಂದರಲ್ಲಿ ಒಂದೊಂದು ಕಡೆ. ಹೆಚ್ಚಿನ ಕಡೆ ಕತ್ತರಿಸಿದರೂ ಏನೂ ಆಗಲಿಲ್ಲ. 58ರ ತುಂಡಿನಲ್ಲಿ ಒಂದು ಜಾಗದಲ್ಲಿ ಮಾತ್ರ ಬಿಸಿಎಲ್11ಎ ಕುಸಿದು ಗರ್ಭದ ಹೀಮೋಗ್ಲೋಬಿನ್ ಜಿಗಿಯಿತು. 2015ರಲ್ಲಿ ಪ್ರಕಟವಾದ ಆ ಜಾಗದ ಅಕ್ಷರಗಳು ಇವು:

```
CTAACAGTTGCTTTTATCAC
```

ಕೊನೆಯ ಕಡೆ `TTATCA` ಇದೆ ನೋಡಿ. ಡಿಎನ್‌ಎಗೆ ಎರಡು ಎಳೆ, ಎದುರು ಎಳೆಯಲ್ಲಿ ಇದು ತಿರುಗಿ `TGATAA` ಎಂದು ಓದುತ್ತದೆ. ಅದರೊಳಗೆ `GATA`. ಕ್ರಿಸ್ಪರ್ ಕತ್ತರಿ ಈ ಇಪ್ಪತ್ತು ಅಕ್ಷರ ಗುರುತಿಸಿ, ಕೊನೆಯಿಂದ ಮೂರು ಅಕ್ಷರ ಬಿಟ್ಟು ಕತ್ತರಿಸುತ್ತದೆ. ಅಂದರೆ ಸರಿಯಾಗಿ `G` ಮತ್ತು `ATA` ನಡುವೆ. ಕೋಶ ಆ ಗಾಯವನ್ನು ಹೊಲಿಯುವಾಗ ಒಂದೆರಡು ಅಕ್ಷರ ಸೇರಿಸಿಯೋ ಬಿಟ್ಟೋ ಹೊಲಿಯುತ್ತದೆ. ಪದ ಕೆಟ್ಟಿತು, ಗಾಟಾ-1ಕ್ಕೆ ಅದು ಓದಲು ಬರುವುದಿಲ್ಲ. ಎನ್‌ಹ್ಯಾನ್ಸರ್ ನಿತ್ರಾಣವಾಯಿತು, ಬಿಸಿಎಲ್11ಎ ಇಳಿಯಿತು, ಗಾಮಾದ ಬಾಗಿಲು ತೆರೆಯಿತು. ರೋಗಕ್ಕೆ ಕಾರಣವಾದ ಬೀಟಾ ಜೀನನ್ನು ಯಾರೂ ಮುಟ್ಟಲಿಲ್ಲ.

ಇದೇ ಕ್ಯಾಸ್ಗೆವಿ ಎಂಬ ಚಿಕಿತ್ಸೆ. ಬ್ರಿಟನ್ 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು, ಅಮೆರಿಕ ಡಿಸೆಂಬರಿನಲ್ಲಿ. ರೋಗಿಯ ರಕ್ತದಿಂದ ಕಾಂಡಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಕತ್ತರಿ ಆಡಿಸಿ, ಪರೀಕ್ಷಿಸಿ ವಾಪಸು ಕೊಡಲು ತಿಂಗಳುಗಳೇ ಬೇಕು. ವಾಪಸು ಕೊಡುವ ಮುಂಚೆ ಬುಸಲ್ಫಾನ್ ಎಂಬ ಕಠಿಣ ಔಷಧದಿಂದ ಹಳೆಯ ಮಜ್ಜೆಯನ್ನು ಖಾಲಿ ಮಾಡಬೇಕು. ವಾರಗಟ್ಟಲೆ ಆಸ್ಪತ್ರೆ, ಸೋಂಕಿನ ಭಯ, ಮುಂದೆ ಮಕ್ಕಳಾಗದಿರುವ ಸಾಧ್ಯತೆ ಎಲ್ಲವೂ ಬರುವುದು ಈ ಹಂತದಿಂದ, ಕತ್ತರಿಯಿಂದ ಅಲ್ಲ. ಫಲಿತಾಂಶ ಮಾತ್ರ ಗಟ್ಟಿ: ಸಾಕಷ್ಟು ಕಾಲ ಗಮನಿಸಲಾದ ಕುಡಗೋಲು ಕಣದ 30 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಬರಲಿಲ್ಲ. ತಲಸ್ಸೀಮಿಯಾದ 35ರಲ್ಲಿ 32 ಮಂದಿ ರಕ್ತ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದರು.

ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್. ಆಗಿನ ದರದಲ್ಲಿ ಸುಮಾರು 18 ಕೋಟಿ ರೂಪಾಯಿ. ಆಂಧ್ರ ಸರಕಾರ ತಲಸ್ಸೀಮಿಯಾ ಮತ್ತು ಕುಡಗೋಲು ಕಣದ ರೋಗಿಗಳಿಗೆ ತಿಂಗಳಿಗೆ 10,000 ರೂಪಾಯಿ ಪಿಂಚಣಿ ಕೊಡುತ್ತದೆ. ಒಳ್ಳೆಯ ಕೆಲಸವೇ. ಆ ಪಿಂಚಣಿಯನ್ನು ಕೂಡಿಟ್ಟರೆ ಈ ಚಿಕಿತ್ಸೆಗೆ 1,500 ವರ್ಷ ಬೇಕು.

ಬೆಟ್ಟದಲ್ಲಿ ಈಗ ಆಗುವುದೇನು?

ಅಲ್ಲಿಯವರೆಗೆ ಕೈಗೆ ಸಿಗುವುದು ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಮಾತ್ರೆ. ಅದೂ ಮಾಡುವ ಮುಖ್ಯ ಕೆಲಸ ಗರ್ಭದ ಹೀಮೋಗ್ಲೋಬಿನ್ ಹೆಚ್ಚಿಸುವುದೇ, ಎನ್‌ಹ್ಯಾನ್ಸರಿನ ದಾರಿಯಲ್ಲಿ ಅಲ್ಲದಿದ್ದರೂ. ಭಾರತದಲ್ಲಿ ದಿನಕ್ಕೆ ಒಂದು ಕಿಲೋ ತೂಕಕ್ಕೆ 10 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣವೂ ಕೆಲಸ ಮಾಡುತ್ತದೆ ಎಂದು ಇಲ್ಲಿನ ವೈದ್ಯರು ಕಂಡಿದ್ದಾರೆ. 50 ಕಿಲೋ ತೂಕದವರಿಗೆ ದಿನಕ್ಕೆ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್. ಬಿಳಿ ರಕ್ತಕಣ ಇಳಿಯುತ್ತದೆಯೇ ಎಂದು ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಬಸುರಿಯರು ತೆಗೆದುಕೊಳ್ಳುವಂತಿಲ್ಲ. ಬೆಟ್ಟದ ಹಾಡಿಯಲ್ಲಿ ತೊಡಕು ಇಲ್ಲಿಯೇ. ಮಾತ್ರೆ ತಲುಪಿಸುವುದು ಸುಲಭ, ಪ್ರತಿ ತಿಂಗಳು ರಕ್ತಪರೀಕ್ಷೆಗೆ ಇಳಿದು ಬರುವುದು ಕಷ್ಟ.

ಭಾರತದ ರೋಗಿಗಳಿಗೆ ನಿಸರ್ಗವೇ ಕೊಟ್ಟ ಒಂದು ಅನುಕೂಲವೂ ಇದೆ. ಇಲ್ಲಿನ ಕುಡಗೋಲು ಬೀಟಾ ಹೆಚ್ಚಾಗಿ ಅರಬ್-ಭಾರತೀಯ ಎನ್ನುವ ಬಗೆಯ ಕ್ರೋಮೋಸೋಮಿನ ಮೇಲೆ ಕೂತಿರುತ್ತದೆ. ಅದರಲ್ಲಿ ಗಾಮಾದ ಒಂದು ಪ್ರತಿಯ ಹೊಸಿಲಿನಲ್ಲಿ, 158 ಅಕ್ಷರ ಹಿಂದೆ, `C` ಇರಬೇಕಾದಲ್ಲಿ `T` ಇದೆ. ಆರೋಗ್ಯವಂತರಲ್ಲಿ ಇದರಿಂದ ಹೆಚ್ಚೇನೂ ವ್ಯತ್ಯಾಸವಾಗದು. ರಕ್ತ ವೇಗವಾಗಿ ಹೊಸದಾಗಿ ತಯಾರಾಗಬೇಕಾದ ಒತ್ತಡ ಬಿದ್ದಾಗ ಮಾತ್ರ ಗಾಮಾ ಸ್ವಲ್ಪ ಎದ್ದು ಕೂರುತ್ತದೆ. ಹಾಗಾಗಿ ಇಲ್ಲಿನ ರೋಗಿಗಳಲ್ಲಿ ಗರ್ಭದ ಹೀಮೋಗ್ಲೋಬಿನ್ ಶೇ. 20ರ ಹತ್ತಿರ ಇರುವುದು ಅಪರೂಪವಲ್ಲ. ಹಾಗಿದ್ದೂ ನೋವು ಬರುತ್ತದಲ್ಲ, ಯಾಕೆ? ಏಕೆಂದರೆ ಶೇ. 20 ಎನ್ನುವುದು ಸರಾಸರಿ. ಕೆಲವು ಕಣಗಳಲ್ಲಿ ಬೇಕಾದಷ್ಟು ಇದ್ದು, ಕೆಲವು ಕಣಗಳಲ್ಲಿ ಏನೂ ಇಲ್ಲದಿದ್ದರೆ ಆ ಖಾಲಿ ಕಣಗಳು ಬಾಗುತ್ತವೆ, ಸಣ್ಣ ರಕ್ತನಾಳ ಮುಚ್ಚುತ್ತವೆ. ಕ್ಯಾಸ್ಗೆವಿ ಪಡೆದವರಲ್ಲಿ ಹೆಚ್ಚುಕಡಿಮೆ ಎಲ್ಲ ಕಣಗಳಲ್ಲೂ ಹಂಚಿಕೆಯಾಗಿರುತ್ತದೆ, ದೊಡ್ಡ ವ್ಯತ್ಯಾಸ ಅದು.

ನಮ್ಮ ದೇಶದ ಪ್ರಯೋಗಾಲಯಗಳೂ ಸುಮ್ಮನಿಲ್ಲ. ವೆಲ್ಲೂರಿನ ಕಾಂಡಕೋಶ ಸಂಶೋಧನಾ ಕೇಂದ್ರದವರು ಡಿಎನ್‌ಎಯ ಎರಡೂ ಎಳೆ ಕತ್ತರಿಸದೆ ಒಂದಕ್ಷರ ಮಾತ್ರ ಬದಲಿಸುವ ವಿಧಾನದಿಂದ ಗಾಮಾದ ಹೊಸಿಲನ್ನು ಅಕ್ಷರ ಅಕ್ಷರವಾಗಿ ತಡಕಿದರು. 123 ಮತ್ತು 124ನೇ ಅಕ್ಷರ ಬದಲಿಸಿದರೆ ಅಲ್ಲಿ ಕೆಎಲ್ಎಫ್-1 ಓದಬಲ್ಲ ಹೊಸ ಪದವೇ ಹುಟ್ಟಿ ಗಾಮಾ ಏಳುತ್ತದೆ ಎಂದು 2022ರಲ್ಲಿ ಪ್ರಕಟಿಸಿದರು. ಅಲ್ಲಿ ಮಲಗಿಸುವವನನ್ನು ಓಡಿಸುವ ಬದಲು ಎಬ್ಬಿಸುವವನಿಗೆ ಮಣೆ ಹಾಕಿದಂತೆ. ಮಜ್ಜೆ ಖಾಲಿ ಮಾಡುವ ಹಂತ ಈ ದಾರಿಯಲ್ಲೂ ತಪ್ಪುವುದಿಲ್ಲ. ಅದು ತಪ್ಪಬೇಕಾದರೆ ಕತ್ತರಿಯನ್ನು ಇಂಜೆಕ್ಷನ್ ಮೂಲಕ ನೇರವಾಗಿ ಮಜ್ಜೆಗೆ ಕಳಿಸುವುದು ಸಾಧ್ಯವಾಗಬೇಕು.

2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ರಕ್ತ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಆಂಧ್ರ, ಕರ್ನಾಟಕ ಎರಡೂ ಅದರಲ್ಲಿವೆ. ನಮ್ಮಲ್ಲಿ ಮೈಸೂರು, ಚಾಮರಾಜನಗರ ಕಡೆಯ ಹಾಡಿಗಳಿಗೆ ಇದು ಹೊಸ ಕಾಯಿಲೆಯಲ್ಲ. ಭಾರತದಲ್ಲಿ ಈ ಕಣ ಮೊದಲು ಕಂಡದ್ದೇ 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ. ಹಾಡಿಯಲ್ಲಿ ಮೊದಲು ಮಾಡುವುದು ರಕ್ತದ ಹನಿ ಕಲಕಿದಾಗ ದ್ರಾವಣ ಮಬ್ಬಾಗುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆ. ಆರು ತಿಂಗಳೊಳಗಿನ ಕೂಸಿಗೆ ಅದನ್ನು ನಂಬುವಂತಿಲ್ಲ. ಗಾಮಾ ಇನ್ನೂ ಎದ್ದಿರುವುದರಿಂದ ರೋಗವಿದ್ದರೂ ದ್ರಾವಣ ತಿಳಿಯಾಗಿಯೇ ಉಳಿಯಬಹುದು. ಕೂಸಿಗೆ ಎಚ್‌ಪಿಎಲ್‌ಸಿಯಂಥ ಪರೀಕ್ಷೆಯೇ ಬೇಕು, ಅದು ಹೀಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಶೇಕಡಾವಾರು ಹೇಳುತ್ತದೆ.

ಆ ವರದಿ ಓದುವುದು ನಗರದಲ್ಲಿರುವ ನಮಗೂ ಗೊತ್ತಿರಬೇಕು, ಏಕೆಂದರೆ ತಲಸ್ಸೀಮಿಯಾಕ್ಕೆ ಬೆಟ್ಟ ಬಯಲೆಂಬ ಭೇದವಿಲ್ಲ. ಉದಾಹರಣೆಗೆ ಒಬ್ಬರ ವರದಿಯಲ್ಲಿ ಎಸ್ ಶೇ. 75, ಎಫ್ ಶೇ. 20, ಎ ಇಲ್ಲವೇ ಇಲ್ಲ ಎಂದಿದ್ದರೆ ಅದು ಕುಡಗೋಲು ಕಣ ರೋಗ, ಜೊತೆಗೆ ಗಾಮಾ ಒಂದಿಷ್ಟು ಎದ್ದಿದೆ. ಎ ಅರ್ಧಕ್ಕಿಂತ ಹೆಚ್ಚು, ಎಸ್ ಮೂರನೇ ಒಂದರಷ್ಟು ಇದ್ದರೆ ಅವರು ವಾಹಕರು ಮಾತ್ರ, ರೋಗಿಯಲ್ಲ. ಆದರೆ ಈಚೆಗೆ ರಕ್ತ ಹಾಕಿಸಿಕೊಂಡ ರೋಗಿಯ ವರದಿಯಲ್ಲೂ ದಾನಿಯ ಎ ಕಾಣಿಸಿಕೊಂಡು ವಾಹಕರಂತೆ ತೋರಬಹುದು, ಆದ್ದರಿಂದ ಕೊನೆಯ ಸಲ ರಕ್ತ ಹಾಕಿದ್ದು ಯಾವಾಗ ಎಂದು ಕೇಳದೆ ವರದಿ ಓದಬಾರದು. ತಲಸ್ಸೀಮಿಯಾ ವಾಹಕರಲ್ಲಿ ಎ2 ಎನ್ನುವುದು ಶೇ. 3.5 ಅಥವಾ 4ನ್ನು ದಾಟುತ್ತದೆ. ಕಬ್ಬಿಣಾಂಶ ತೀರಾ ಕಡಿಮೆಯಿರುವವರಲ್ಲಿ ಎ2 ಇಳಿದು ವಾಹಕತನ ಮರೆಯಾಗಬಹುದು. ಅಂಥವರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಮದುವೆಗೆ ಮುಂಚೆ, ಹೆಚ್ಚೆಂದರೆ ಮೊದಲ ಬಸುರಿನ ಮೊದಲ ತಿಂಗಳುಗಳಲ್ಲಿ, ಗಂಡ ಹೆಂಡತಿ ಇಬ್ಬರೂ ಇದನ್ನು ಮಾಡಿಸಿಕೊಂಡರೆ ಇಬ್ಬರೂ ವಾಹಕರೇ ಎನ್ನುವುದು ತಿಳಿಯುತ್ತದೆ. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ, ಹಿಂದಿನ ಮಗು ಚೆನ್ನಾಗಿದ್ದರೂ ಸರಿ, ಇಲ್ಲದಿದ್ದರೂ ಸರಿ.